ಬೀಗರ ಐದೂವರೆ, ಕಾಕಾನ ಏಳೂವರೆ

ದೇವಿಕೊಪ್ಪದ ಬೀಗರು ತಮ್ಮ ಬಾವಿಗೆ ಹೊಸ ಪಂಪ್ ಮೋಟಾರು ಕೂರಿಸಿ, "ನಮ್ದು ಐದೂವರಿದೈತ್ರಿ" ಎಂದು ಕಾಕಾನಿಗೆ ಫೋನು ಮಾಡಿದ್ದರು. ಮಗಳನ್ನು ಕೊಟ್ಟ ಮನೆಯ ಮೋಟಾರು ತನ್ನದಕ್ಕಿಂತ ದೊಡ್ಡದಿರುವುದನ್ನು ಕಾಕಾ ಹೇಗೆ ಸಹಿಸಿಯಾನು? ಮರುದಿನವೇ ನನ್ನನ್ನು ಕುಂದಗೋಳದ ಅಂಗಡಿಗೆ ಎಳೆದೊಯ್ದ. ನಮ್ಮ ಬಾವಿಗೆ ಇದ್ದ ಐದು ಎಚ್‌ಪಿ ಮೋಟಾರೇ ಧಾರಾಳವಾಗಿತ್ತು. ಅವನು ಏಳೂವರೆ ಎಚ್‌ಪಿಯದರ ಮೇಲೆಯೇ ಕೈಯಿಟ್ಟ. ಅದರ ತಗಡಿನ ಪಟ್ಟಿಯ ಮೇಲೆ, ಪಕ್ಕದಲ್ಲೇ, ಐದೂವರೆ ಕಿಲೋವ್ಯಾಟ್ ಎಂದೂ ಬರೆದಿತ್ತು.

"ಕಾಕಾ, ಒಂದು ಎಚ್‌ಪಿ ಅಂದ್ರ ಹತ್ತಿರ ಹತ್ತಿರ ಮುಕ್ಕಾಲು ಕಿಲೋವ್ಯಾಟ್. ಏಳೂವರಿ ಎಚ್‌ಪಿ ಅಂದ್ರ ಐದೂವರಿ ಕಿಲೋವ್ಯಾಟ್. ಬೀಗರು ಹೇಳಿದ್ದು ಯಾವ ಲೆಕ್ಕ, ಕೇಳೂಣು" ಎಂದೆ.

"ಬೀಗರಿಗೆ ಹಂಗ ಕೇಳಾಕ ಬರ್ತೈತೇನಲೇ? ಏಳು ದೊಡ್ಡದೋ ಐದು ದೊಡ್ಡದೋ, ಅಷ್ಟ ಹೇಳು."

ನಾನು ಮತ್ತೆ ಪಟ್ಟಿ ತೋರಿಸಿದೆ. ಮೋಟಾರು ಮಾತ್ರ ನಮ್ಮ ಗಾಡಿ ಹತ್ತಿತು.

ಹೊಸ ಮೋಟಾರಿನ ಪೂಜೆಯ ದಿನ ಕಾಕಾ ಪಟ್ಟಿಗೆ ವಿಭೂತಿ ಬಳಿದ, ಸರಿಯಾಗಿ ಕಿಲೋವ್ಯಾಟಿನ ಮೇಲೆಯೇ. ಬೀಗರು ಬಂದರು. ದೈವಭಕ್ತರು. ಕೈಮುಗಿದು, ಪಟ್ಟಿಯ ವಿಭೂತಿಯನ್ನು ಮೂರು ಬೆರಳಿನಿಂದ ಬಳಿದುಕೊಂಡು ಹಣೆಗೆ ಹಚ್ಚಿಕೊಂಡರು. ಕೆಳಗಿನ ಐದೂವರೆ ಫಳಫಳ ಹೊಳೆಯಿತು.

ಬೀಗರು ಬಗ್ಗಿ ಓದಿದರು. "ನಮ್ದರ ಮ್ಯಾಲೂ ಹಿಂಗ ಎರಡೂ ಬರದೈತ್ರಿ. ಏಳೂವರಿ, ಐದೂವರಿ. ನಾ ಕಿಲೋವ್ಯಾಟಿಂದು ಹೇಳಿದ್ದೆ."

ಕಾಕಾ ಟವೆಲ್ಲಿನಿಂದ ನಿಧಾನಕ್ಕೆ ಕೈ ಒರೆಸಿಕೊಂಡ.

"ಐದೂವರಿ ಅನ್ನೂದು ಓಲ್ಟೇಜ್ ಕಡಿಮಿ ಇದ್ದಾಗಿನ ಲೆಕ್ಕರಿ. ನಿಮ್ಮೂರಾಗ ಯಾವಾಗಲೂ ಕಡಿಮಿನ ಇರ್ತೈತಲ್ರಿ."