ಸುಮ್ನೆ ನೋಡ್ತಿದ್ದೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಾರಿಡಾರಿನ ಕೊನೆಗೆ, ಉಗಿಯ ವಾಸನೆ ಬರುವ ಕೋಣೆಯೊಂದಿದೆ. ಶಸ್ತ್ರಚಿಕಿತ್ಸೆಗೆ ಬಳಸಿದ ಕತ್ತರಿ, ಚಿಮುಟಗಳು ಅಲ್ಲಿಗೆ ಇಳಿದು ಬರುತ್ತವೆ. ತೊಳೆದು, ಜೋಡಿಸಿ, ಬಟ್ಟೆ ಸುತ್ತಿ, ಉಗಿಯ ಯಂತ್ರದಲ್ಲಿ ಕಾಯಿಸಿದ ಮೇಲೆ ತಿರುಗಿ ಮೇಲಕ್ಕೆ ಹೋಗುತ್ತವೆ. ಬಾಗಿಲಿನಲ್ಲಿ ಅಂಗೈಯಗಲದ ಗಾಜು. ಅದರಾಚೆ, ಕುತ್ತಿಗೆ ಬಾಗಿದ ದೀಪದ ಕೆಳಗೆ ಇಪ್ಪತ್ತೆರಡು ವರ್ಷ ಒಬ್ಬಳೇ ಹೆಂಗಸು ಕೂತಿದ್ದಳು. ಎಲ್ಲರೂ ಅವಳನ್ನು ಟ್ರೇ ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು.

ಕೆಲಸ ಹೇಳಿಕೊಳ್ಳುವುದಕ್ಕೆ ಸುಲಭ. ಟ್ರೇಗೊಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹನ್ನೆರಡು ಆರ್ಟರಿ ಎಂದಿದ್ದರೆ ಹನ್ನೆರಡು ಎಣಿಸಿ ಇಡಬೇಕು. ಆರ್ಟರಿ ಎಂದರೆ ರಕ್ತನಾಳವನ್ನು ಕಚ್ಚಿ ಹಿಡಿಯುವ ಚಿಮುಟ. ಹಿಡಿಯ ಹತ್ತಿರ ಹಲ್ಲುಗಳಿದ್ದು, ಒತ್ತಿದರೆ ಬೀಗದಂತೆ ಕೂರುತ್ತದೆ. ಅಕ್ಕ ಎಣಿಸುವ ಮೊದಲು ಒಂದೊಂದನ್ನೂ ದೀಪಕ್ಕೆ ಹಿಡಿಯುತ್ತಿದ್ದಳು. ಮೊದಲ ಹಲ್ಲಿಗೆ ಕೂರಿಸಿ ಮೇಜಿನ ಅಂಚಿಗೆ ಟಕ್ ಎಂದು ತಟ್ಟುತ್ತಿದ್ದಳು. ಬಿಚ್ಚಿಕೊಂಡರೆ ಅದು ಕೆಟ್ಟಿದೆ ಎಂದರ್ಥ. ಕೆಟ್ಟಿದ್ದು ಮೇಜಿನ ಕೆಳಗಿನ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿತ್ತು. ವಿಭಾಗದ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಅವರ ಡ್ರಾಯರಿನಿಂದ ಬದಲಿಯೊಂದು ಬರುತ್ತಿತ್ತು. ಆರು ತಿಂಗಳಿಗೊಮ್ಮೆ ರಿಪೇರಿಯವನು ಬಂದು ಡಬ್ಬಿ ಖಾಲಿ ಮಾಡುತ್ತಿದ್ದ.

ಇದಾವುದೂ ಕಾಗದದ ಮೇಲಿರಲಿಲ್ಲ. ಉಪಕರಣವೊಂದು ಕೆಟ್ಟಿದೆ ಎಂದು ತೀರ್ಮಾನಿಸುವ ಅಧಿಕಾರ ದೊಡ್ಡ ಸಿಸ್ಟರಿಗೆ ಮಾತ್ರ. ಅದಕ್ಕೊಂದು ಫಾರಂ, ಮೂರು ಸಹಿ. ಫಾರಂ ಮೇಲಕ್ಕೆ ಹೋಗಿ ಇಳಿಯುವಷ್ಟರಲ್ಲಿ ಹತ್ತಾರು ಆಪರೇಷನ್ ಮುಗಿದಿರುತ್ತಿದ್ದವು. ಅದಕ್ಕೇ ಡಬ್ಬಿ.

ಆಡಳಿತ ಕಚೇರಿ ಎಲ್ಲ ಹುದ್ದೆಗಳಿಗೂ ಹೊಸದಾಗಿ ಕೆಲಸದ ವಿವರಣೆ ಬರೆಯಲು ಹೊರಟ ವರ್ಷ ಒಬ್ಬ ವಿಶ್ಲೇಷಕ ಕೆಳಗಿಳಿದು ಬಂದ. ನಲವತ್ತರ ಆಸುಪಾಸು, ಸಣ್ಣ ದನಿ, ಕೊರಳಿಗೆ ದಾರದಲ್ಲಿ ಕಟ್ಟಿದ ಸ್ಟಾಪ್‌ವಾಚ್. ಎರಡನೇ ದಿನಕ್ಕೆ ಅವನ ಹೆಸರು ಗಡಿಯಾರ ಎಂದಾಯಿತು. ಅವನ ಕ್ರಮ ಸರಿಯಾದದ್ದೇ: ಮೊದಲು ಕಣ್ಣಾರೆ ಗಮನಿಸುವುದು, ಆಮೇಲೆ ಮಾತಾಡಿಸುವುದು, ಆಮೇಲೆ ಪ್ರಶ್ನಾವಳಿ, ಮೂರನ್ನೂ ತಾಳೆ ನೋಡಿ ಕೊನೆಗೆ ಬರೆಯುವುದು. ಈ ಕೆಲಸಕ್ಕೆ ಬೇರೆಯೇ ಒಂದು ಹುದ್ದೆ ಬೇಕೋ ಬೇಡವೋ ಎಂಬುದೂ ಅದರ ಮೇಲೆಯೇ ನಿಂತಿತ್ತು. ಅಕ್ಕನಿಗೆ ಅದು ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಮೇಜು, ಆ ದೀಪ.

ಅವನು ಬರುವ ಹಿಂದಿನ ದಿನ ದೊಡ್ಡ ಸಿಸ್ಟರ್ ಡಬ್ಬಿಯನ್ನು ಕಾಲಿನಿಂದ ಸರಿಸಿ ನೋಡಿದರು. ನಲವತ್ತಕ್ಕೂ ಹೆಚ್ಚು ಇದ್ದವು.

"ಇದನ್ನ ಬೀರುವಿನ ಮೇಲೆ ಎತ್ತಿಡೇ. ಅವನ ಕಣ್ಣಿಗೆ ಬಿದ್ರೆ ಫಾರಂ ಎಲ್ಲಿ ಅಂತಾನೆ, ಇಬ್ರೂ ಉತ್ತರ ಹುಡುಕ್ಬೇಕಾಗುತ್ತೆ."

"ನಡುವೆ ಕೆಟ್ಟಿದ್ದು ಸಿಕ್ರೆ, ಸಿಸ್ಟರ್?"

"ಎರಡು ದಿನ ಎಲ್ಲ ಒಳ್ಳೇದೇ ಸಿಗ್ಲಿ ಬಿಡು. ಇವತ್ತೇ ಆರಿಸಿಟ್ಕೋ."

ಅಕ್ಕ ಆ ಸಂಜೆ ಎರಡು ದಿನಕ್ಕಾಗುವಷ್ಟು ಉಪಕರಣ ಆರಿಸಿಟ್ಟಳು. ಡಬ್ಬಿ ಬೀರುವಿನ ಮೇಲೆ, ಹಳೆಯ ಬಟ್ಟೆಯ ಗಂಟಿನ ಹಿಂದೆ ಸೇರಿತು.

ಗಡಿಯಾರ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಕ್ಷಣಕ್ಕೆ ಅವಳ ಕೈಯಲ್ಲಿ ನಡೆಯುತ್ತಿರುವುದು ಯಾವುದೋ ಅದರ ಮುಂದೆ ಗೀಟು ಹಾಕುತ್ತಿದ್ದ. ತೊಳೆಯುವುದು, ಎಣಿಸುವುದು, ಸುತ್ತುವುದು, ಹೊರುವುದು, ವಿರಾಮ. ಎರಡು ದಿನದಲ್ಲಿ ನೂರ ಅರವತ್ತೆಂಟು ಗೀಟು. ಆರಿಸಿಟ್ಟವನ್ನೂ ಅಕ್ಕ ಅಭ್ಯಾಸಬಲದಿಂದ ದೀಪಕ್ಕೆ ಹಿಡಿಯುತ್ತಿದ್ದಳು. ಅವನು ನೋಡುತ್ತಿದ್ದಾನೆಂಬ ಸಂಕೋಚಕ್ಕೆ ತಟ್ಟುತ್ತಿರಲಿಲ್ಲ, ಹಿಡಿದು ಸುಮ್ಮನಾಗುತ್ತಿದ್ದಳು.

"ಈಗ ಏನ್ ಮಾಡ್ತಿದ್ರಿ?" ಎಂದು ಕೇಳಿದ, ನಿಜವಾಗಿಯೂ ತಿಳಿದುಕೊಳ್ಳಲೆಂದೇ.

"ಏನಿಲ್ಲ ಸರ್. ಸುಮ್ನೆ ನೋಡ್ತಿದ್ದೆ."

ಅವನು ವಿರಾಮದ ಸಾಲಿನಲ್ಲಿ ಗೀಟು ಹಾಕಿದ. ಅಂಥ ಗೀಟುಗಳು ಐವತ್ತೆರಡಾದವು.

ಅವನು ದಡ್ಡನಲ್ಲ. ಕೈ ಮಾಡುವುದು ಕಣ್ಣಿಗೆ ಕಾಣುತ್ತದೆ, ತಲೆ ಮಾಡುವುದು ಕಾಣುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು, ಅದೂ ಮೇಲಿನವರು ಎದುರಿಗಿಲ್ಲದಾಗ ಕೇಳಬೇಕು ಎಂಬುದು ಅವನಿಗೆ ಗೊತ್ತಿತ್ತು. ಬೇರೆ ಕೋಣೆ ಕೇಳಿದ. ಖಾಲಿ ಇರಲಿಲ್ಲ. ದೊಡ್ಡ ಸಿಸ್ಟರ್ ತಮ್ಮ ಕೋಣೆಯನ್ನೇ ಕೊಟ್ಟು, ಕೊಟ್ಟ ಕೋಣೆಯಲ್ಲಿ ತಾವೂ ಕೂತರು.

"ಈ ಕೆಲಸದಲ್ಲಿ ನೀವೇ ತೀರ್ಮಾನ ತಗೊಳ್ಳೋದು ಏನಾದ್ರೂ ಇದೆಯಾ?"

ಅಕ್ಕ ಸಿಸ್ಟರ್ ಕಡೆ ನೋಡಿದಳು. ಸಿಸ್ಟರ್ ಪೆನ್ನಿನ ಮುಚ್ಚಳ ನೋಡುತ್ತಿದ್ದರು.

"ನಮ್ಮದೇನಿದೆ ಸರ್. ಪಟ್ಟಿಯಲ್ಲಿ ಇದ್ದ ಹಾಗೆ."

"ನೀವು ತಪ್ಪು ಮಾಡಿದ್ರೆ ಏನಾಗುತ್ತೆ?"

"ತಪ್ಪಾಗಿಲ್ಲ ಸರ್."

"ಆಗಿದ್ರೆ ಅಂತ."

"ಆಗಿಲ್ಲವಲ್ಲ ಸರ್," ಎಂದಳು, ಪ್ರಶ್ನೆ ಅರ್ಥವಾಗದವಳಂತೆ. ಇಪ್ಪತ್ತೆರಡು ವರ್ಷದಲ್ಲಿ ಆಗಿರಲಿಲ್ಲ. ತಪ್ಪಿನ ಪರಿಣಾಮ ಎಂಬಲ್ಲಿ ಅವನು ಒಂದು ಅಡ್ಡಗೆರೆ ಎಳೆದ.

ಪ್ರಶ್ನಾವಳಿ ಮನೆಗೆ ಬಂತು. ನಾಲ್ಕು ಹಾಳೆ, ಅರವತ್ತೆರಡು ಕೆಲಸಗಳು. ಪ್ರತಿಯೊಂದನ್ನೂ ಎಷ್ಟು ಸಲ ಮಾಡುತ್ತೀರಿ, ಎಷ್ಟು ಮುಖ್ಯ ಎಂದು ಒಂದರಿಂದ ಐದರವರೆಗೆ ಗುರುತಿಸಬೇಕು. ಕಾಲೇಜಿನಿಂದ ಬಂದ ಮಗಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡಳು. ಅಕ್ಕ ಒಲೆಯ ಮುಂದಿದ್ದಳು. ಗಂಡ ದರ್ಜಿ, ಹೊಲಿಗೆ ಯಂತ್ರದ ಹಿಂದಿನಿಂದಲೇ ಮಾತು ಸೇರಿಸುತ್ತಿದ್ದ.

"ಎಣಿಸೋದು ಎಷ್ಟು ಮುಖ್ಯ, ಅಮ್ಮಾ?"

"ಮೂರು ಹಾಕು."

"ಸುತ್ತೋದು?"

"ಮೂರೇ ಹಾಕು. ಎಲ್ಲದಕ್ಕೂ ಐದು ಹಾಕಿದ್ರೆ ಇವಳಿಗೆಷ್ಟು ಜಂಬ ಅಂದ್ಕೊಳ್ತಾರೆ."

"ನನಗೆ ಎಷ್ಟು ಹಾಕ್ತೀಯೇ?" ಎಂದ ಗಂಡ.

"ಅಪ್ಪಾ, ನಿಮಗೆ ಇಲ್ಲಿ ಖಾನೆನೇ ಇಲ್ಲ," ಎಂದಳು ಮಗಳು. ಮೂವರೂ ನಕ್ಕರು.

ಕೊನೆಯ ಹಾಳೆಯಲ್ಲಿ ಆರು ಖಾಲಿ ಗೆರೆ. ಮೇಲೆ ಹೇಳದ, ಆದರೆ ನೀವು ಮಾಡುವ ಬೇರೆ ಕೆಲಸಗಳು. ಮಗಳು ಪೆನ್ನು ಹಿಡಿದು ಕಾದಳು.

"ನೀನು ಅದೇನೋ ತಟ್ಟಿ ತಟ್ಟಿ ನೋಡ್ತೀನಿ ಅಂತಿದ್ಯಲ್ಲ, ಅದನ್ನ ಬರೀಲಾ?"

ಅಕ್ಕ ಒಲೆಯ ಉರಿ ತಗ್ಗಿಸಿದಳು. "ಬೇಡ. ಅದು ನನ್ನ ಕೆಲಸ ಅಲ್ಲ, ಸಿಸ್ಟರ್‌ದು. ಬರೆದ್ರೆ ಅವರಿಗೆ ತೊಂದ್ರೆ."

"ಹಾಗಾದ್ರೆ ಏನಂತ ಬರೀಲಿ?"

"ಏನಿಲ್ಲ ಅಂತ ಬರಿ."

ಮಗಳು ದುಂಡಗಿನ ಅಕ್ಷರದಲ್ಲಿ ಏನಿಲ್ಲ ಎಂದು ಬರೆದಳು.

ಮೂರೂ ತಾಳೆಯಾದವು. ಕಂಡದ್ದು, ಕೇಳಿದ್ದು, ಬರೆದದ್ದು ಎಲ್ಲ ಒಂದೇ ಮಾತು ಹೇಳುತ್ತಿದ್ದವು. ಗಡಿಯಾರ ಕರಡನ್ನು ತಂದು ಅಕ್ಕನಿಗೆ ಓದಿ ಹೇಳಿದ. ಅದೂ ಅವನ ಕ್ರಮವೇ. ಉಪಕರಣ ತೊಳೆಯುವುದು, ಪಟ್ಟಿಯಂತೆ ಎಣಿಸಿ ಜೋಡಿಸುವುದು, ಸುತ್ತುವುದು, ಯಂತ್ರಕ್ಕೆ ಹಾಕುವುದು. ಸ್ವಂತ ತೀರ್ಮಾನದ ಅಗತ್ಯವಿಲ್ಲ. ವಿರಾಮದ ಪಾಲು ನೂರಕ್ಕೆ ಮೂವತ್ತೊಂದು.

"ಏನಾದ್ರೂ ಬಿಟ್ಟು ಹೋಗಿದೆಯಾ? ಈಗಲೇ ಹೇಳಿ."

ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. "ಸರಿಯಾಗಿದೆ ಸರ್," ಎಂದು ಅಕ್ಕ ಸಹಿ ಹಾಕಿದಳು. ಕಾಗದದ ಮಟ್ಟಿಗೆ ಅದರಲ್ಲಿ ಸುಳ್ಳು ಎನ್ನುವಂಥದ್ದು ಒಂದು ಸಾಲೂ ಇರಲಿಲ್ಲ.

ಆರನೇ ವಾರ ಆದೇಶ ಬಂತು. ಟ್ರೇ ಜೋಡಿಸುವುದಕ್ಕೆ ಪ್ರತ್ಯೇಕ ಹುದ್ದೆ ಬೇಡ. ಸಹಾಯಕಿಯರು ಸರದಿಯಲ್ಲಿ, ಪಟ್ಟಿ ಮತ್ತು ಫೋಟೋ ನೋಡಿಕೊಂಡು ಮಾಡಬಹುದು. ಅಕ್ಕನನ್ನು ಬಟ್ಟೆಯ ವಿಭಾಗಕ್ಕೆ ಹಾಕಿದ್ದರು. ಸಿಸ್ಟರ್ ಅವಳ ಕೈ ಹಿಡಿದುಕೊಂಡು, "ನಾನು ಮಾತಾಡ್ತೀನಿ ಕಣೇ," ಎಂದರು. ಮಾತಾಡಬೇಕಾದರೆ ಡಬ್ಬಿಯ ಮಾತು ಎತ್ತಬೇಕಿತ್ತು. ಅವರು ಮಾತಾಡಲಿಲ್ಲ. ಅಕ್ಕನೂ ಮತ್ತೆ ಕೇಳಲಿಲ್ಲ.

ಮೂರು ತಿಂಗಳ ಮೇಲೆ ಗಡಿಯಾರ ಬಟ್ಟೆಯ ವಿಭಾಗಕ್ಕೆ ಬಂದ. ಕೊರಳಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ಅಕ್ಕ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಳು. ಅವನು ಜೇಬಿನಿಂದ ಒಂದು ಆರ್ಟರಿ ತೆಗೆದು ಮುಂದಿಟ್ಟ.

"ಆಪರೇಷನ್ ನಡುವೆ ತಾನಾಗೇ ಬಿಚ್ಕೊಳ್ತಂತೆ. ಇದು ಈ ತಿಂಗಳಲ್ಲಿ ಮೂರನೇದು. ರೋಗಿಯನ್ನ ಹೇಗೋ ಉಳಿಸಿಕೊಂಡ್ರಂತೆ. ಟ್ರೇ ಎಣಿಕೆ ಸರಿಯಾಗೇ ಇತ್ತು. ಏನಾಗಿದೆ ಇದಕ್ಕೆ?"

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮೊದಲ ಹಲ್ಲಿಗೆ ಕೂರಿಸಿ ಇಸ್ತ್ರಿಯ ಮೇಜಿನ ಅಂಚಿಗೆ ತಟ್ಟಿದಳು. ಬಿಚ್ಚಿಕೊಂಡಿತು.

"ಇದು ನಾನು ತೆಗೆದಿಟ್ಟಿದ್ದು," ಎಂದಳು. ಹಿಡಿಯ ಒಳಬದಿಗೆ, ಕೆಟ್ಟಿದ್ದಕ್ಕೆ ಅವಳು ಸೂಜಿಯಿಂದ ಕೊರೆಯುತ್ತಿದ್ದ ಸಣ್ಣ ಗೀರಿತ್ತು. "ಡಬ್ಬಿಯಲ್ಲಿತ್ತು. ಬೀರುವಿನ ಮೇಲೆ."

ಆಮೇಲೆ ಎಲ್ಲ ಹೇಳಿದಳು. ಹೊಸ ಸಹಾಯಕಿಯರು ಎಣಿಕೆ ಕಮ್ಮಿ ಬಿದ್ದ ಯಾವುದೋ ದಿನ ಬೀರು ಹುಡುಕಿರಬೇಕು. ಡಬ್ಬಿ ತುಂಬ ಫಳಫಳ ಹೊಳೆಯುವ ಉಪಕರಣ ಸಿಕ್ಕಿರಬೇಕು. ಪಟ್ಟಿ ಭರ್ತಿಯಾಯಿತು. ಅವರದೂ ತಪ್ಪಿಲ್ಲ, ಅವರ ವಿವರಣೆಯಲ್ಲಿ ಎಣಿಸುವುದಷ್ಟೇ ಇತ್ತು.

ಗಡಿಯಾರ ಆರ್ಟರಿಯನ್ನು ವಾಪಸು ತೆಗೆದುಕೊಂಡ. "ನಾನು ಕೇಳಿದ್ನಲ್ಲ. ಏನ್ ಮಾಡ್ತಿದ್ರಿ ಅಂತ."

"ಹೇಳಿದ್ನಲ್ಲ ಸರ್. ನೋಡ್ತಿದ್ದೆ ಅಂತ."

"ಸುಮ್ನೆ ಅಂದ್ರಿ."

"ಸುಮ್ನೆ ಅಂದ್ರೆ ಸುಮ್ನೆನಾ ಸರ್," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಅವನು ಆ ವಾರವೇ ವರದಿ ಬರೆದ. ಎಲ್ಲ ಟ್ರೇಗಳನ್ನೂ ಅಕ್ಕನಿಂದ ಒಮ್ಮೆ ಪರೀಕ್ಷೆ ಮಾಡಿಸಬೇಕು, ಕೆಲಸವನ್ನು ಮತ್ತೆ ವಿಶ್ಲೇಷಿಸಬೇಕು ಎಂದು ಕೇಳಿದ. ಕಚೇರಿ ದೊಡ್ಡ ಸಿಸ್ಟರನ್ನು ವಿಚಾರಿಸಿತು. ಅಂಥ ಡಬ್ಬಿ ತಮ್ಮ ಗಮನಕ್ಕೆ ಬಂದಿಲ್ಲ ಎಂದು ಅವರು ಬರೆದುಕೊಟ್ಟರು. ನಿವೃತ್ತಿಗೆ ಅವರಿಗೆ ಎಂಟೇ ತಿಂಗಳು ಉಳಿದಿತ್ತು. ಗಡಿಯಾರನಿಗೆ ಕಚೇರಿಯಿಂದ ಬಂದ ಉತ್ತರ ಎರಡು ಸಾಲಿನದು. ಉಪಕರಣ ಪರೀಕ್ಷೆ ಬಟ್ಟೆ ವಿಭಾಗದ ಸಹಾಯಕಿಯ ಕೆಲಸದ ವಿವರಣೆಯಲ್ಲಿಲ್ಲ. ರದ್ದಾದ ಹುದ್ದೆಯಲ್ಲಿ ಯಾರೂ ಇಲ್ಲದ ಕಾರಣ ಗಮನಿಸುವುದಕ್ಕೂ, ಮಾತಾಡಿಸುವುದಕ್ಕೂ ಅಲ್ಲಿ ಯಾರೂ ಇಲ್ಲ. ವಿವರಣೆಯ ಕೆಳಗೆ ಅವನದೇ ಸಹಿ. ಅದರ ಪಕ್ಕದಲ್ಲಿ ಅಕ್ಕನದು.

ಉತ್ತರವನ್ನು ಅವನೇ ತಂದು ತೋರಿಸಿದ. ಅಕ್ಕ ಓದಿ ವಾಪಸು ಕೊಟ್ಟಳು.

"ಸರಿಯಾಗೇ ಬರೆದಿದಾರೆ," ಎಂದಳು.

ಈಗ ಅವಳು ದಿನಕ್ಕೆ ಎರಡು ಸಲ ಬಟ್ಟೆಯ ಗಾಡಿ ತಳ್ಳಿಕೊಂಡು ಆ ಕಾರಿಡಾರಿನಲ್ಲಿ ಹೋಗುತ್ತಾಳೆ. ಗಾಜಿನ ಹತ್ತಿರ ಗಾಡಿ ನಿಧಾನವಾಗುತ್ತದೆ. ಒಳಗೆ ಇಬ್ಬರು ನಿಂತುಕೊಂಡೇ ಗಟ್ಟಿಯಾಗಿ ಎಣಿಸುತ್ತಿರುತ್ತಾರೆ. ಮೇಜಿನ ದೀಪ ಆರಿರುತ್ತದೆ. ಡಬ್ಬಿಯಲ್ಲಿದ್ದ ನಲವತ್ತಕ್ಕೂ ಹೆಚ್ಚಿನವುಗಳಲ್ಲಿ ತಿರುಗಿ ಸಿಕ್ಕಿದ್ದು ಮೂರು, ಉಳಿದವು ಯಾವ ಯಾವ ಟ್ರೇಯಲ್ಲಿವೆಯೋ. ಹತ್ತು, ಹನ್ನೊಂದು, ಹನ್ನೆರಡು. ಅಕ್ಕ ಟಕ್ ಎಂಬ ಶಬ್ದಕ್ಕೆ ಕಿವಿಗೊಡುತ್ತಾಳೆ. ಟ್ರೇಗೆ ಬಟ್ಟೆ ಸುತ್ತುವ ಸದ್ದಷ್ಟೇ ಕೇಳುತ್ತದೆ. ಗಾಡಿ ಮುಂದೆ ಹೋಗುತ್ತದೆ.