ಬಸ್ಸಿನಲ್ಲಿ ನಿಂತು ಆಡುವ ಆಟ

ಆರು ತಿಂಗಳು ತುಂಬಿ ಕೆಲವು ದಿನಗಳಾಗಿದ್ದಾಗ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ರಜೆ ಮುಗಿಸಿ ಯಾದಗಿರಿಯ ಕಚೇರಿಗೆ ಮತ್ತೆ ಹೋಗತೊಡಗಿದ ದಿನಗಳಲ್ಲಿ ನನಗೆ ಅಳು ಬರುತ್ತಿರಲಿಲ್ಲ. ಹಸಿವೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಡಬ್ಬಿ ಕಟ್ಟಿ ಕೊಡುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದೆ, ಸಂಜೆ ಡಬ್ಬಿ ಖಾಲಿ ಇರುತ್ತಿತ್ತು. ಊಟ ಮಾಡಿದ್ದು ಮಾತ್ರ ನೆನಪಿರುತ್ತಿರಲಿಲ್ಲ.

ನಮ್ಮ ಮನೆ ಸುರಪುರದ ರಂಗಂಪೇಟೆಯಲ್ಲಿ. ಸುರಪುರದ ಸ್ಟ್ಯಾಂಡಿಗೆ ಬೆಳಗಿನ ಬಸ್ಸು ಬರುವಾಗಲೇ ತುಂಬಿರುತ್ತದೆ. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲಂತೂ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಶಹಾಪುರ ದಾಟಿ ಯಾದಗಿರಿ ಮುಟ್ಟುವವರೆಗೆ ಒಂದೂವರೆ ತಾಸು ನಿಂತೇ ಹೋಗಬೇಕು. ಆ ಒಂದೂವರೆ ತಾಸಿನಲ್ಲಿ ಯಾರೂ ನನ್ನ ಮುಖ ನೋಡಿ "ಈಗ ಹ್ಯಾಂಗದೀರಿ" ಎಂದು ಕೇಳಬಾರದಿತ್ತು. ಫೋನಿಗೆ ತಲೆ ಬಗ್ಗಿಸಿದವರನ್ನು ಯಾರೂ ಮಾತಾಡಿಸುವುದಿಲ್ಲ. ಆಟ ಶುರುವಾದದ್ದು ಹಾಗೆ.

ಬಸ್ಸಿನಲ್ಲಿ ನಿಂತು ಎಲ್ಲ ಆಟವೂ ಆಡಲಾಗುವುದಿಲ್ಲ. ಎಡಗೈ ಮೇಲಿನ ಸರಳು ಬಿಡುವಂತಿಲ್ಲ. ಉಳಿಯುವುದು ಬಲಗೈ ಒಂದೇ, ಅದರಲ್ಲೂ ಹೆಬ್ಬೆರಳೊಂದೇ. ಫೋನಿನ ಬುಡವನ್ನು ಕಿರುಬೆರಳ ಮೇಲೆ ಇಟ್ಟುಕೊಂಡರೆ ಹೆಬ್ಬೆರಳು ಪರದೆಯ ಕೆಳಗಿನ ಅರ್ಧವನ್ನಷ್ಟೇ ಸರಾಗವಾಗಿ ಮುಟ್ಟುತ್ತದೆ. ಮೊದಲು ಮಿಠಾಯಿ ಜೋಡಿಸುವ ಆಟ ಹಾಕಿಕೊಂಡೆ, ಮೇಲಿನ ಸಾಲು ಮುಟ್ಟಲು ಹೋಗಿ ಫೋನು ಜಾರುತ್ತಿತ್ತು. ಓಡುವ ಆಟದಲ್ಲಿ ಒಂದು ತಗ್ಗಿಗೆ ಬಸ್ಸು ಕುಲುಕಿದರೆ ಓಡುವವನು ಗೋಡೆಗೆ ಬಡಿದು ಸಾಯುತ್ತಿದ್ದ. ಕ್ರಿಕೆಟ್ಟಿಗೆ ಫೋನು ಅಡ್ಡ ಮಾಡಿ ಎರಡು ಕೈ ಬೇಕು. ಕೊನೆಗೆ ನಿಂತದ್ದು ಸಂಖ್ಯೆ ಕೂಡಿಸುವ ಆಟ.

ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಹೆಬ್ಬೆರಳನ್ನು ಯಾವ ಕಡೆ ಸರಿಸಿದರೆ ಸಂಖ್ಯೆ ಬರೆದ ಬಿಲ್ಲೆಗಳೆಲ್ಲ ಆ ಕಡೆ ಜಾರುತ್ತವೆ. ಎರಡು ಎರಡು ಸೇರಿ ನಾಲ್ಕು, ನಾಲ್ಕು ನಾಲ್ಕು ಸೇರಿ ಎಂಟು. ಪ್ರತಿ ಸಲ ಸರಿಸಿದಾಗಲೂ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ. ಎರಡು ಸಾವಿರದ ನಲವತ್ತೆಂಟು ಮಾಡಿದರೆ ಗೆದ್ದಂತೆ. ಪರದೆಯ ಯಾವ ಜಾಗದಲ್ಲಿ ಬೆರಳೆಳೆದರೂ ನಡೆಯುತ್ತದೆ, ಹೊತ್ತಿನ ಮಿತಿ ಇಲ್ಲ, ನೆಟ್‌ವರ್ಕ್ ಬೇಡ. ಕಂಡಕ್ಟರು ಬಂದು "ಆಧಾರ್ ತೋರಸ್ರಿ" ಎಂದರೆ ಫೋನು ಬ್ಲೌಸಿಗೆ ಸಿಕ್ಕಿಸಿ ಕಾರ್ಡು ತೋರಿಸಿ ಮತ್ತೆ ತೆಗೆದರೆ, ಆಟ ಬಿಟ್ಟಲ್ಲೇ ಇರುತ್ತದೆ. ನನಗೆ ಬೇಕಾದದ್ದು ಅಷ್ಟೇ.

ಶಹಾಪುರದಲ್ಲಿ ಹತ್ತುವ ಒಬ್ಬಾಕೆ ನನ್ನ ಭುಜದ ಮೇಲಿಂದ ಆಟ ನೋಡತೊಡಗಿದಳು. ಐವತ್ತರ ಹತ್ತಿರದ ಹೆಂಗಸು, ಬುರ್ಖಾದ ಮುಸುಕು ಮೇಲೆ ಸರಿಸಿಕೊಂಡಿರುತ್ತಿದ್ದಳು, ಯಾದಗಿರಿಯ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವ ಕೆಲಸ. ಒಂದು ವಾರ ಸುಮ್ಮನೆ ನೋಡಿ, ಒಂದು ದಿನ ತಡೆಯಲಾರದೆ ಹೇಳಿದಳು:

"ಅರೆ, ನಕ್ಕೋ ನಕ್ಕೋ, ಮ್ಯಾಲ ಎಳೀಬ್ಯಾಡ ತಂಗಿ! ದೊಡ್ಡದನ್ನ ಮೂಲ್ಯಾಗ ಕುಂದರಸು. ಅಲ್ಲಿಂದ ಅಲ್ಲಾಡಿಸಬ್ಯಾಡ."

ಅಂದಿನಿಂದ ಅವಳನ್ನು ಅವರ ಮಾತಿನಲ್ಲಿ ಅಕ್ಕನನ್ನು ಕರೆಯುವಂತೆ ಆಪಾ ಎಂದೆ. ಕೆಳಗೆ, ಬಲಕ್ಕೆ, ಎರಡೂ ನಡೆಯದಿದ್ದಾಗ, ಕೆಳಗಿನ ಸಾಲು ತುಂಬಿದ್ದರೆ ಮಾತ್ರ ಎಡಕ್ಕೆ, ಮೇಲಕ್ಕೆ ಎಂದೂ ಇಲ್ಲ. ಇದು ನಾವಿಬ್ಬರೂ ಕಂಡುಕೊಂಡ ನಿಯಮ. ತಿಂಗಳುಗಟ್ಟಲೆ ನಾವು ಬೇರೆ ಮಾತಾಡಲಿಲ್ಲ. ಅವಳಿಗೆ ಮಕ್ಕಳೆಷ್ಟು ಎಂದು ನಾನು ಕೇಳಲಿಲ್ಲ, ನನ್ನನ್ನೂ ಅವಳು ಕೇಳಲಿಲ್ಲ.

ಆ ದಿನ ಸಾವಿರದ ಇಪ್ಪತ್ನಾಲ್ಕು ಬಲಗಡೆಯ ಕೆಳಮೂಲೆಯಲ್ಲಿ ಕುಳಿತಿತ್ತು. ನಾಲ್ಕು ದಿನದ ಆಟ ಅದು. ಶಹಾಪುರದಲ್ಲಿ ಪಕ್ಕದ ಸೀಟಿನವರು ಇಳಿದರು, ಅಪರೂಪಕ್ಕೆ ನನಗೆ ಕೂರಲು ಸಿಕ್ಕಿತು. ಆಪಾ ಹತ್ತಿ ನನ್ನ ಬಳಿ ನಿಂತಳು. ಅವಳ ಹಿಂದೆಯೇ ಒಬ್ಬ ಹುಡುಗಿ, ಕೈಯಲ್ಲಿ ಆಸ್ಪತ್ರೆಯ ಫೈಲು. ಅವಳ ಹೊಟ್ಟೆ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. ಆರು ತಿಂಗಳು ಎಂದು ನನಗೆ ಗೊತ್ತಾಯಿತು, ಯಾರೂ ಹೇಳಬೇಕಿರಲಿಲ್ಲ.

ನಾನು ಏಳಲಿಲ್ಲ. ಹೆಬ್ಬೆರಳು ಕೆಳಗೆ ಎಳೆಯಿತು, ಬಲಕ್ಕೆ ಎಳೆಯಿತು. ಎಂಟು, ಹದಿನಾರು. ಏಳಬೇಕು ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಅದು ಇಳಿಯಲಿಲ್ಲ. ಬಸ್ಸು ಊರು ದಾಟಿ ಹತ್ತಿ ಹೊಲಗಳ ನಡುವೆ ಬಂದಿತ್ತು.

"ತಂಗಿ, ಏಳು," ಎಂದಳು ಆಪಾ.

ನಾನು ಕೇಳಿಸದವಳಂತೆ ಇದ್ದೆ.

"ಹೊಟ್ಟಿಲೆ ಇದ್ದಾಕಿ ನಿಂತಾಳ, ನೀ ಆಟ ಆಡಾಕತ್ತೀ? ಎಂಥಾ ಮನಷ್ಯಾಳಿದ್ದೀ?" ಈ ಸಲ ಬಸ್ಸಿಗೆಲ್ಲ ಕೇಳಿಸಿತು.

ಎದ್ದೆ. ಹುಡುಗಿ "ಇರಲಿ ಬಿಡ್ರಿ ಅಕ್ಕಾರ, ಸಮೀಪ ಬಂತು" ಎನ್ನುತ್ತಲೇ ಕುಳಿತಳು. ಯಾದಗಿರಿ ಇನ್ನೂ ದೂರವಿತ್ತು. ನಾನು ಎಡಗೈ ಸರಳಿಗೆ ಹಾಕಿ ಬಲಗೈಯಲ್ಲಿ ಮತ್ತೆ ಆಟ ಹಿಡಿದೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಎಮ್ಮೆಗಳು ಅಡ್ಡ ಬಂದವೋ ಏನೋ, ಡ್ರೈವರು ಜೋರಾಗಿ ಬ್ರೇಕ್ ಹಾಕಿದ. ಫೋನು ಕೈಯಿಂದ ಜಾರಿ ಹುಡುಗಿಯ ಮಡಿಲಿಗೆ ಬಿತ್ತು. ಅವಳು ಗಾಬರಿಯಿಂದ ಎರಡೂ ಕೈಯಲ್ಲಿ ಅದನ್ನು ಹೊಟ್ಟೆಗವಚಿ ಹಿಡಿದಳು. ಫೋನು ವಾಪಸು ಕೊಡುವಾಗ ಪರದೆ ಬದಲಾಗಿತ್ತು. ಅವಳ ಬೆರಳು ಮೇಲಕ್ಕೆ ಎಳೆದಿತ್ತು. ಬಲಗಡೆಯ ಸಾಲಿನಲ್ಲಿದ್ದ ಎರಡು ಎಂಟು ಕೂಡಿ ಒಂದಾಗಿ, ಸಾವಿರದ ಇಪ್ಪತ್ನಾಲ್ಕು ಒಂದು ಮನೆ ಮೇಲೆ ಸರಿದಿತ್ತು. ಮೂಲೆಯಲ್ಲಿ ಹೊಸದಾಗಿ ಹುಟ್ಟಿದ ಎರಡು ಕುಳಿತಿತ್ತು.

"ನನ್ನ ಕೈ ತಾಗಿ ಏನರ ಕೆಟ್ಟೇತೇನ್ರಿ?" ಹುಡುಗಿ ಕೇಳಿದಳು.

"ಏನೂ ಆಗಿಲ್ಲ. ನಿಮಗ ಬಡೀತೇನು?"

"ಇಲ್ರಿ. ಒಳಗ ಒದ್ದತು ನೋಡ್ರಿ, ಅಂಜೇತಿ ಅದು," ಎಂದು ನಕ್ಕಳು.

ನಾನೂ ತುಟಿ ಅಗಲಿಸಿದೆ. ಆಪಾ ಪರದೆ ನೋಡಿ ಲೊಚಗುಟ್ಟಿದಳು. "ಡಾಟಾ ಹಾಕು ತಂಗಿ. ಒಂದು ಜಾಹೀರಾತು ನೋಡಿದ್ರ ಈ ತಪ್ಪ ಅಳಿಸಿ ಹಿಂದಕ ಒಯ್ತದ."

"ಬ್ಯಾಡ ಆಪಾ."

ಜಿಲ್ಲಾಸ್ಪತ್ರೆಗೆ ಹೋಗುವವರೊಂದಿಗೆ ಹುಡುಗಿ ಇಳಿದು ಹೋದಳು. ನಾವಿಬ್ಬರೂ ಸ್ಟ್ಯಾಂಡಿನಲ್ಲಿ ಇಳಿದೆವು. ಆಪಾ ಮುಂದೆ ನಡೆಯುತ್ತಿದ್ದಳು. ನಾನು ಹಿಂದಿನಿಂದ ಹೇಳಿದೆ:

"ಆಪಾ, ನನಗೂ ಆರ್ ತಿಂಗಳಾಗಿತ್ತು. ಹೊಟ್ಟ್ಯಾಗಽ ಹೋತು."

ಗಂಡನ ಹೊರತು ಇನ್ನೊಬ್ಬರಿಗೆ ನಾನಾಗಿ ಹೇಳಿದ್ದು ಅದೇ ಮೊದಲ ಸಲ. ಬೇರೆಯವರಿಗೆಲ್ಲ ಬೇರೆಯವರೇ ಹೇಳಿದ್ದರು.

ಆಪಾ ನಿಂತಳು. ಸುತ್ತಲೂ ಜನ ಓಡಾಡುತ್ತಿದ್ದರು. "ಯಾವಾಗ?"

"ನೀವು ನನ್ನ ನೋಡೋಕಿಂತ ಮೊದಲು."

"ಅದಕ್ಕ ಏಳಲಿಲ್ಲ."

"ಹೌದು."

"ನಾ ಜನರ ಮುಂದ ಬೈದೆ."

"ಬೈದಿದ್ದು ಖರೇನಽ ಇತ್ತು."

ಅವಳು ದೇವರ ಹೆಸರು ಹೇಳಲಿಲ್ಲ, ಮತ್ತೊಂದು ಆಗುತ್ತದೆ ಎನ್ನಲಿಲ್ಲ. ನನ್ನ ಬಲಗೈ ಹಿಡಿದು ಹೆಬ್ಬೆರಳಿನ ಬುಡ ಅದುಮಿ ನೋಡಿದಳು. ನೋವಾಯಿತು. "ಇಷ್ಟು ಬಾತೇತಿ, ಗೊತ್ತಾಗಿಲ್ಲೇನು?" ಎಂದಳು. ಗೊತ್ತಾಗಿರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿಸಿದಳು. ಅದು ಬಿಸಿ ಇತ್ತು ಎಂಬುದು ನೆನಪಿದೆ.

ಆ ಆಟ ಮತ್ತೆ ಮೂಲೆ ಹಿಡಿಯಲಿಲ್ಲ. ಎರಡು ದಿನ ಎಳೆದಾಡಿದೆ, ಮನೆಗಳೆಲ್ಲ ತುಂಬಿ ಮುಗಿಯಿತು. ಆಪಾ "ಹೊಸಾದು ಹಚ್ಚು" ಎಂದಳು. ಬೆರಳಿನ ನೋವು ಹೆಚ್ಚಾಗಿದ್ದರಿಂದ ಫೋನು ಅವಳ ಕೈಗೇ ಕೊಟ್ಟೆ. ಸೂಜಿ ಹಿಡಿದು ಗಟ್ಟಿಯಾದ ಅವಳ ಬೆರಳಿಗೆ ಪರದೆ ಒಮ್ಮೊಮ್ಮೆ ಓಗೊಡುವುದಿಲ್ಲ, ಎರಡೆರಡು ಸಲ ಎಳೆಯುತ್ತಾಳೆ, ತಪ್ಪು ನಡೆದು ತನ್ನನ್ನೇ ಬೈದುಕೊಳ್ಳುತ್ತಾಳೆ.

ಈಗ ನಾನು ಎರಡೂ ಕೈಯಲ್ಲಿ ಸರಳು ಹಿಡಿದು ನಿಲ್ಲುತ್ತೇನೆ. ಮೊದಮೊದಲು ಕಣ್ಣು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಸೇತುವೆ ದಾಟುವಾಗ ಕಿಟಕಿಯಿಂದ ನೋಡಿದೆ. ಭೀಮೆಯಲ್ಲಿ ದಂಡೆಯಿಂದ ದಂಡೆಗೆ ಕೆಂಪು ನೀರು.

"ಹೊಳಿಗೆ ನೀರು ಯಾವಾಗ ಬಂತ್ರಿ?" ಎಂದು ಕೇಳಿದೆ.

"ತಿಂಗಳಾತು," ಎಂದಳು ಆಪಾ, ಪರದೆಯಿಂದ ತಲೆ ಎತ್ತದೆ.