ಬೀಗ ಬಿದ್ದ ಆಧಾರ್ ಫೈಲು

ಪದ್ಮನಾಭನಗರದಲ್ಲಿ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗ ನನಗೆ ಚೆನ್ನಾಗಿಯೇ ಇತ್ತು.

ಒಂದು ಮಧ್ಯಾಹ್ನ ನಾಲ್ಕೂ ಕಾಲಿಗೆ ಇಟ್ಟಮಡುವಿನ ಹೆಂಗಸೊಬ್ಬರು ಬಂದರು. ಹಾಸ್ಟೆಲೊಂದರ ಅಡುಗೆ ಕೆಲಸಕ್ಕೆ ಹಿಂದಿನ ವಾರ ನಾನೇ ಅವರ ಅರ್ಜಿ ಹಾಕಿಕೊಟ್ಟಿದ್ದೆ. ವಯಸ್ಸಿನ ಮಿತಿಯ ಪ್ರಕಾರ ಅವರಿಗೆ ಅದೇ ಕೊನೆಯ ಅವಕಾಶ.

"ಮೇಡಂ, ಮೂರು ದಿನದಿಂದ ಇದೇನೋ ಮೆಸೇಜು. ಇಂಗ್ಲಿಷಲ್ಲಿದೆ, ಲೋನಿನೋರದು ಅನ್ಕೊಂಡೆ" ಎಂದು ಫೋನ್ ಚಾಚಿದರು.

ಓದಿದೆ. ಅರ್ಜಿ ಹಾಕಿದ್ದ ಕಡೆಯಿಂದಲೇ ಬಂದಿತ್ತು. ಆಧಾರ್ ಫೈಲು ತೆರೆಯುತ್ತಿಲ್ಲ, ಇವತ್ತು ಐದು ಗಂಟೆಯೊಳಗೆ ಮತ್ತೆ ಹಾಕದಿದ್ದರೆ ಅರ್ಜಿ ರದ್ದು.

"ನಿಮ್ಮ ಫೈಲಲ್ಲೇ ಏನೋ ತೊಂದ್ರೆ ಇದೆ" ಅಂದುಬಿಟ್ಟೆ. ಅವರ ಮುಖ ಬಾಡಿತು.

ನನ್ನ ಕಂಪ್ಯೂಟರಿನಲ್ಲಿದ್ದ ಆ ಫೈಲನ್ನು ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಆಧಾರ್ ಫೈಲಿಗೆಲ್ಲ ಅದು ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಹಾಕಿದೆ, ತೆರೆಯಿತು. ಆಗ ಹೊಳೆಯಿತು: ಹಿಂದಿನ ವಾರವೂ ಹೀಗೇ ತೆರೆದು, ಎಲ್ಲ ಸರಿಯಿದೆ ಎಂದು ಖುಷಿಪಟ್ಟು, ಅದೇ ಫೈಲನ್ನು ಕಳಿಸಿದ್ದೆ. ನಾನು ತೆರೆದು ನೋಡಿದ ಮಾತ್ರಕ್ಕೆ ಫೈಲಿನ ಬೀಗ ಹೋಗುವುದಿಲ್ಲ. ಅಲ್ಲಿ ಕೂತು ಅರ್ಜಿ ನೋಡುವವರಿಗೆ ಪಾಸ್‌ವರ್ಡ್ ಯಾರು ಹೇಳಬೇಕು? ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೆ ಬಾಯಿ ಬಿಡಲಿಲ್ಲ.

ತೆರೆದ ಫೈಲನ್ನೇ ಪ್ರಿಂಟ್‌ಗೆ ಕೊಟ್ಟು, ಕಾಗದದ ಬದಲು ಹೊಸ ಪಿಡಿಎಫ್ ಆಗಿ ಉಳಿಸಿದೆ. ಬೀಗ ಹೋಯಿತು, ಆದರೆ ಗಾತ್ರ ಉಬ್ಬಿತು. ಒಂದು ಎಂಬಿ ಮಿತಿ, ಇದು ಒಂದೂವರೆ. ವೆಬ್‌ಸೈಟ್ ನಿರ್ದಾಕ್ಷಿಣ್ಯವಾಗಿ ವಾಪಸ್ ಎಸೆಯಿತು. ಗಂಟೆ ನಾಲ್ಕೂ ಮೂವತ್ತೈದು.

ಫೈಲು ಕುಗ್ಗಿಸುವ ವೆಬ್‌ಸೈಟುಗಳೇನೋ ಬೇಕಾದಷ್ಟಿವೆ. ಆದರೆ ಗಿರಾಕಿಗಳ ಆಧಾರನ್ನು ಗುರುತು ಪರಿಚಯವಿಲ್ಲದ ಕಡೆ ನಾನು ಹಾಕುವುದಿಲ್ಲ. ಕಾಗದದ ಮೇಲೆಯೇ ಪ್ರಿಂಟ್ ತೆಗೆದು, ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದೆ. ಗಾತ್ರವೇನೋ ಇಳಿಯಿತು, ಆದರೆ ಗುಣಮಟ್ಟ ತೀರಾ ಕಡಿಮೆ ಇಟ್ಟಿದ್ದರಿಂದ ನಂಬರು ಓದುವಂತಿರಲಿಲ್ಲ. ಸ್ವಲ್ಪ ಏರಿಸಿ ಮತ್ತೆ ಮಾಡಿದೆ. ಅವರು ಪಕ್ಕದಲ್ಲಿ ಸೆರಗು ಹಿಂಡುತ್ತಾ, "ನನ್ನಿಂದ ನಿಮಗೆಷ್ಟು ತೊಂದ್ರೆ ಮೇಡಂ" ಎನ್ನುತ್ತಲೇ ಇದ್ದರು. ಆ ಮಾತು ಚುಚ್ಚುತ್ತಿತ್ತು.

ಈ ಸಲ ಮುನ್ನೂರು ಕೆಬಿ. ಅವರ ಫೋನಿಗೇ ಕಳಿಸಿ ತೆರೆಸಿದೆ. ಪಾಸ್‌ವರ್ಡ್ ಕೇಳಲಿಲ್ಲ, ನಂಬರೂ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ವೆಬ್‌ಸೈಟ್ ತಾನಾಗಿ ಲಾಗೌಟ್ ಆಗಿತ್ತು; ಮತ್ತೆ ಲಾಗಿನ್‌ಗೆ ಒಟಿಪಿ ಬರಲು ಎರಡು ನಿಮಿಷ ಸತಾಯಿಸಿತು. ಐದಕ್ಕೆ ಆರು ನಿಮಿಷವಿದ್ದಾಗ ಫೈಲು ಸ್ವೀಕೃತವಾಯಿತು.

ರಸೀದಿ ಕೈಗಿಡುವಾಗ ತಡೆಯಲಾಗಲಿಲ್ಲ. "ಅಕ್ಕ, ತಪ್ಪು ನಂದು. ಬೀಗ ತೆಗೀದೇ ಕಳಿಸಿಬಿಟ್ಟಿದ್ದೆ. ನಿಮ್ಮ ಫೈಲಲ್ಲಿ ಏನೂ ತೊಂದ್ರೆ ಇರಲಿಲ್ಲ."

ಬೈಯುತ್ತಾರೆಂದು ಕಾದೆ. ಅವರು ರಸೀದಿಯನ್ನೂ ನನ್ನನ್ನೂ ನೋಡಿದರು.

"ಹಾಗಾದ್ರೆ ನನ್ನ ಆಧಾರ್ ಸರಿಯಾಗೇ ಇದೆಯಾ ಮೇಡಂ? ರೇಷನ್ನೂ ನಿಲ್ಲಿಸಿಬಿಡ್ತಾರೇನೋ ಅಂತ ಆಗ್ಲಿಂದ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ" ಎಂದವರೇ, ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತರು.